ಮೊಟ್ಟೆ ಕರಿಯಲ್ಲಿ ಸೀಳಿನ ಕೆಲಸವೇನು?

ಬೇಯಿಸಿದ ಮೊಟ್ಟೆಗೆ ಚಾಕುವಿನಿಂದ ನಾಲ್ಕು ಸೀಳು ಹಾಕಿ ಮಸಾಲೆಗೆ ಬಿಡಬೇಕು ಅನ್ನುವುದು ಮೊಟ್ಟೆ ಕರಿ ಮಾಡುವವರಿಗೆಲ್ಲ ಗೊತ್ತು. ಹಾಗೆ ಮಾಡಿದ ಮೇಲೂ ಎಷ್ಟೋ ಸಲ ಗ್ರೇವಿಯ ರುಚಿ ಗ್ರೇವಿಗೇ, ಮೊಟ್ಟೆಯ ಸಪ್ಪೆ ಮೊಟ್ಟೆಗೇ ಉಳಿದುಬಿಡುತ್ತದೆ. ಸೀಳಿದ್ದು ಸಾಲಲಿಲ್ಲವೇನೋ ಎಂದು ಮುಂದಿನ ಸಲ ಇನ್ನೂ ಆಳವಾಗಿ ಸೀಳುತ್ತಾರೆ. ಆಗ ಹಳದಿ ಭಾಗ ಒಡೆದು ಗ್ರೇವಿಯೆಲ್ಲ ಹಿಟ್ಟುಹಿಟ್ಟಾಗುತ್ತದೆ. ನಿಜ ಹೇಳಬೇಕೆಂದರೆ ತಪ್ಪು ಸೀಳಿನ ಆಳದಲ್ಲಿರುವುದಿಲ್ಲ. ಸೀಳು ಬರೀ ಒಂದು ಜಾಗ ಮಾಡಿಕೊಡುತ್ತದೆ, ಆ ಜಾಗಕ್ಕೆ ಮಸಾಲೆ ಹೋಗಿ ಕೂರಬೇಕಾದರೆ ಸೀಳು ಬಾಯಿ ತೆರೆದಿರಬೇಕು, ಒಳಗೆ ನೀರಿರಬಾರದು, ಮಸಾಲೆ ಗಟ್ಟಿಯಾಗಿರಬೇಕು. ಈ ಮೂರೂ ಕೂಡಿಬಂದರೆ ಮಾತ್ರ ಸೀಳಿದ್ದು ಸಾರ್ಥಕ.

ಮೊದಲು ಮೊಟ್ಟೆಗೆ ಮಸಾಲೆ ಏಕೆ ಹಿಡಿಯುವುದಿಲ್ಲ ಎಂದು ನೋಡೋಣ. ಮೊಟ್ಟೆಯ ಬಿಳಿ ಭಾಗದಲ್ಲಿ ನೂರಕ್ಕೆ ಸುಮಾರು 88 ಪಾಲು ನೀರು, ಉಳಿದದ್ದು ಬಹುಪಾಲು ಪ್ರೋಟೀನು. ಬೆಂದಾಗ ಆ ಪ್ರೋಟೀನು ಒಂದಕ್ಕೊಂದು ಹೆಣೆದುಕೊಂಡು ಬಹಳ ಸಣ್ಣ ಕಣ್ಣಿನ ಜಾಲವಾಗುತ್ತದೆ, ನೀರು ಆ ಜಾಲದೊಳಗೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ ಬೆಂದ ಮೊಟ್ಟೆಯ ಮೈ ನುಣುಪು, ಒದ್ದೆ, ಎಲ್ಲೂ ರಂಧ್ರವಿಲ್ಲ. ಆಲೂಗಡ್ಡೆಯೋ ಬದನೆಕಾಯಿಯೋ ಆದರೆ ಬೇಯುತ್ತ ಮೆತ್ತಗಾಗಿ ರಸ ಹೀರಿಕೊಳ್ಳುತ್ತದೆ. ಮೊಟ್ಟೆ ಹಾಗಲ್ಲ, ಗ್ರೇವಿಯಲ್ಲಿ ಎಷ್ಟು ಹೊತ್ತು ಕುದಿಸಿದರೂ ಇನ್ನಷ್ಟು ಬಿಗಿಯಾಗುತ್ತದೆಯೇ ಹೊರತು ಹೀರುವುದಿಲ್ಲ.

ಇದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಮೆಣಸಿನಕಾಯಿಯ ಖಾರ, ಅರಿಶಿನದ ಬಣ್ಣ, ಗರಂ ಮಸಾಲೆಯ ಘಮ ಇವೆಲ್ಲ ಹೆಚ್ಚಾಗಿ ಎಣ್ಣೆಯಲ್ಲಿ ಕರಗುವಂಥವು. ಮೊಟ್ಟೆಯ ಬಿಳಿ ಭಾಗದಲ್ಲಿ ಎಣ್ಣೆಯ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಎಣ್ಣೆಯಲ್ಲಿರುವ ರುಚಿ ಅದರೊಳಗೆ ದಾರಿ ಮಾಡಿಕೊಂಡು ಹೋಗುವುದೇ ಇಲ್ಲ. ಉಪ್ಪು ನೀರಿನಲ್ಲಿ ಕರಗುವುದರಿಂದ ಒಳಗಿಳಿಯುತ್ತದೆ, ಆದರೆ ಬಹಳ ನಿಧಾನ. ಹಿಂದಿನ ದಿನ ಮಾಡಿಟ್ಟ ಕರಿಯ ಒಂದು ಮೊಟ್ಟೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಹೊರಗಿನ ಅಂಚಿನಲ್ಲಿ ತೆಳುವಾದ ಹಳದಿ ಗೆರೆ, ಸೀಳು ಇದ್ದ ಕಡೆ ಅದೇ ಗೆರೆ ಒಳಕ್ಕೆ ಇಳಿದು ಸೀಳಿನ ಎರಡೂ ಗೋಡೆಗಳನ್ನು ಹಳದಿ ಮಾಡಿರುತ್ತದೆ. ಅದರಿಂದ ಆಚೆಗೆ ಹಾಲಿನಂತೆ ಬಿಳಿ. ಅಂದರೆ ಸೀಳಿದರೂ ಮಸಾಲೆ ಮೊಟ್ಟೆಯೊಳಗೆ ಹರಡುವುದಿಲ್ಲ. ಸೀಳಿನಲ್ಲಿ ಕೂತದ್ದಷ್ಟೇ ಲಾಭ.

ಸೀಳಿದರೆ ಮೇಲ್ಮೈ ಹೆಚ್ಚುತ್ತದೆ, ಅದಕ್ಕೇ ಮಸಾಲೆ ಹಿಡಿಯುತ್ತದೆ ಎಂದು ಹೇಳುವುದುಂಟು. ಸ್ವಲ್ಪ ಲೆಕ್ಕ ಹಾಕಿ ನೋಡಿ. ಸಾಧಾರಣ ಗಾತ್ರದ ಮೊಟ್ಟೆಯ ಮೈ ಸುಮಾರು 65 ಚದರ ಸೆಂಟಿಮೀಟರ್. ಮೂರು ಸೆಂಟಿಮೀಟರ್ ಉದ್ದ, ನಾಲ್ಕು ಮಿಲಿಮೀಟರ್ ಆಳದ ಸೀಳುಗಳು ನಾಲ್ಕು ಇದ್ದರೆ ಅವುಗಳ ಎರಡೂ ಬದಿ ಸೇರಿ ಹತ್ತು ಚದರ ಸೆಂಟಿಮೀಟರಿಗೂ ಸ್ವಲ್ಪ ಕಡಿಮೆ. ಆರರಲ್ಲಿ ಒಂದು ಪಾಲೂ ಹೆಚ್ಚಾಗಲಿಲ್ಲ. ಲಾಭ ಇರುವುದು ಬೇರೆ ಕಡೆ. ನುಣುಪಾದ ಮೈಮೇಲೆ ಬಿದ್ದ ಗ್ರೇವಿ ಸೌಟಿನಿಂದ ತಟ್ಟೆಗೆ ಬರುವಷ್ಟರಲ್ಲಿ ಜಾರಿಹೋಗುತ್ತದೆ, ಸೀಳಿನೊಳಗೆ ಕೂತ ಮಸಾಲೆ ಜಾರುವುದಿಲ್ಲ, ಬಾಯಿಗೆ ಬರುವ ಪ್ರತಿ ತುತ್ತಿನಲ್ಲೂ ಮೊಟ್ಟೆಯ ಜೊತೆಗೇ ಬರುತ್ತದೆ. ಆದ್ದರಿಂದ ಸೀಳು ಎಷ್ಟು ಅನ್ನುವುದಕ್ಕಿಂತ ಅದು ಎಷ್ಟು ಅಗಲ ತೆರೆದುಕೊಂಡಿದೆ ಅನ್ನುವುದು ಮುಖ್ಯ. ಫೋರ್ಕಿನಿಂದ ಚುಚ್ಚಿದರೂ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಅಷ್ಟು ಸಣ್ಣ ತೂತಿಗೆ ಗಟ್ಟಿ ಮಸಾಲೆ ಇಳಿಯುವುದಿಲ್ಲ. ನನ್ನ ಮಟ್ಟಿಗೆ ಅದು ಮಸಾಲೆ ಹಿಡಿಸುವ ದಾರಿಯಲ್ಲ.

ಇನ್ನು ಕೆಲಸಕ್ಕೆ ಇಳಿಯೋಣ. ಆರು ಮೊಟ್ಟೆಯ ಕರಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುತ್ತೇನೆ.

ಕರಿಗೆ ಬೇಕಾದ ಮೊಟ್ಟೆ ಪೂರ್ತಿ ಗಟ್ಟಿಯಾಗಿ ಬೆಂದಿರಬೇಕು. ಹಳದಿ ಭಾಗ ಮೆದುವಾಗಿರುವ ಮೊಟ್ಟೆ ತಿನ್ನಲು ಚೆನ್ನ, ಆದರೆ ಸೀಳಲು ಹೋದರೆ ಕೈಯಲ್ಲೇ ಬಿರಿಯುತ್ತದೆ. ಫ್ರಿಜ್ಜಿನಲ್ಲಿದ್ದ ಮೊಟ್ಟೆಗಳನ್ನು ಇಪ್ಪತ್ತು ನಿಮಿಷ ಮುಂಚೆ ಹೊರಗೆ ತೆಗೆದಿಡಿ, ತಣ್ಣಗಿನ ಮೊಟ್ಟೆ ಒಮ್ಮೆಲೇ ಬಿಸಿನೀರಿಗೆ ಬಿದ್ದರೆ ಸಿಪ್ಪೆ ಬಿರುಕು ಬಿಡುವುದು ಜಾಸ್ತಿ. ಮೊಟ್ಟೆ ಮುಳುಗಿ ಮೇಲೆ ಒಂದು ಬೆರಳಿನಷ್ಟು ನಿಲ್ಲುವಂತೆ ನೀರು ಕುದಿಸಿ, ಸೌಟಿನಲ್ಲಿಟ್ಟು ಒಂದೊಂದಾಗಿ ಇಳಿಸಿ, ಉರಿ ಸಣ್ಣದು ಮಾಡಿ ಹನ್ನೊಂದು ನಿಮಿಷ ಬೇಯಿಸಿದರೆ ಸಾಕು. ತಣ್ಣೀರಿನಲ್ಲಿಟ್ಟು ಶುರು ಮಾಡುವುದಕ್ಕಿಂತ ಕುದಿನೀರಿಗೆ ಇಳಿಸಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ. ಮೊಟ್ಟೆ ಕುದಿನೀರಿಗೆ ಬಿದ್ದ ತಕ್ಷಣ ಬಿಳಿ ಭಾಗದ ಹೊರಪದರ ಬೇಗನೆ ಗಟ್ಟಿಯಾಗಿ, ಸಿಪ್ಪೆಯ ಒಳಗಿನ ಪೊರೆಗೆ ಅಂಟಿಕೊಳ್ಳಲು ಹೊತ್ತು ಸಿಗುವುದಿಲ್ಲ.

ಮೊದಲ ಎರಡು ಮೂರು ನಿಮಿಷ ಸೌಟಿನಿಂದ ಮೊಟ್ಟೆಗಳನ್ನು ಮೆಲ್ಲಗೆ ಉರುಳಿಸುತ್ತಿರಬೇಕು. ಸೀಳುವಾಗ ಇದರ ಫಲ ಗೊತ್ತಾಗುತ್ತದೆ. ಹಳದಿ ಭಾಗ ಬಿಳಿಗಿಂತ ಹಗುರ, ಹಾಗೇ ಬಿಟ್ಟರೆ ಅದು ಮೇಲಕ್ಕೆ ತೇಲಿ ಒಂದು ಬದಿಗೆ ಅಂಟಿದಂತೆ ಗಟ್ಟಿಯಾಗಿಬಿಡುತ್ತದೆ. ಸ್ವಲ್ಪ ಹಳೆಯ ಮೊಟ್ಟೆಯಲ್ಲಿ ಬಿಳಿ ಭಾಗ ತೆಳ್ಳಗಾಗಿರುವುದರಿಂದ ಇದು ಇನ್ನೂ ಹೆಚ್ಚು. ಉರುಳಿಸುತ್ತಿದ್ದರೆ ಹಳದಿ ನಡುವಿನಲ್ಲೇ ನಿಂತು ಸುತ್ತಲೂ ಬಿಳಿಯ ದಪ್ಪ ಸಮನಾಗಿ ಬರುತ್ತದೆ.

ಬೆಂದ ಕೂಡಲೇ ತಣ್ಣೀರಿಗೆ ಹಾಕಿ, ನೀರು ಬೆಚ್ಚಗಾದರೆ ಬದಲಿಸಿ, ಹತ್ತು ನಿಮಿಷ ಬಿಡಿ. ತುಂಬ ಹೊತ್ತು ಬಿಸಿಯಲ್ಲೇ ಇದ್ದರೆ ಬಿಳಿ ಭಾಗದಿಂದ ಬರುವ ಗಂಧಕದ ಅನಿಲವೂ ಹಳದಿಯಲ್ಲಿರುವ ಕಬ್ಬಿಣವೂ ಸೇರಿ ಹಳದಿಯ ಸುತ್ತ ಹಸಿರು ಬೂದು ಬಣ್ಣದ ಉಂಗುರ ಮೂಡುತ್ತದೆ. ತಿಂದರೆ ಅಪಾಯವಿಲ್ಲ, ನೋಡಲು ಚೆನ್ನಾಗಿರುವುದಿಲ್ಲ. ಸಿಪ್ಪೆಯನ್ನು ಅಗಲವಾದ ತುದಿಯಿಂದ ಬಿಡಿಸಲು ಶುರು ಮಾಡಿ, ಗಾಳಿಯ ಗೂಡು ಇರುವುದು ಅಲ್ಲೇ, ಪೊರೆ ಕೈಗೆ ಸಿಗುತ್ತದೆ. ಅಂದೇ ಇಟ್ಟ ಮೊಟ್ಟೆಯಾದರೆ ಎಷ್ಟು ನಾಜೂಕಾಗಿ ಸುಲಿದರೂ ಬಿಳಿ ಭಾಗ ಕಿತ್ತುಬರುತ್ತದೆ. ಕರಿಗೆ ನಾಲ್ಕಾರು ದಿನ ಇಟ್ಟಿರುವ ಮೊಟ್ಟೆಯೇ ಒಳ್ಳೆಯದು.

ಸುಲಿದ ಮೊಟ್ಟೆಯನ್ನು ಒಮ್ಮೆ ನೀರಿನಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಆಮೇಲೆ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿ. ಹಳದಿ ಒಂದು ಬದಿಗೆ ಸರಿದಿದ್ದರೆ ಆ ಬದಿಯಲ್ಲಿ ತೆಳು ಬಿಳಿಯ ಹಿಂದೆ ಮಸುಕಾದ ನೆರಳು ಕಾಣುತ್ತದೆ. ಆ ಬದಿಗೆ ಚಾಕು ಮುಟ್ಟಿಸಬೇಡಿ. ಉಳಿದ ಮೂರು ಕಡೆ ಸೀಳಿದರೂ ಕೊರತೆಯಾಗುವುದಿಲ್ಲ.

ಚಾಕು ಸಣ್ಣದಾಗಿ, ತೆಳ್ಳಗೆ, ಹರಿತವಾಗಿರಲಿ. ಮೊಂಡು ಚಾಕು ಮೊದಲು ಒತ್ತುತ್ತದೆ, ಆಮೇಲೆ ಒಮ್ಮೆಲೇ ಹರಿಯುತ್ತದೆ. ಅಷ್ಟರಲ್ಲಿ ಅದು ಹಳದಿಯ ತನಕ ಹೋಗಿರುತ್ತದೆ. ಮೊಟ್ಟೆ ಪೂರ್ತಿ ತಣ್ಣಗಾಗಿರಬೇಕು, ಬಿಸಿ ಇರುವಾಗ ಬಿಳಿ ಭಾಗ ಮೆದುವಾಗಿದ್ದು ಬೇಗ ಹರಿಯುತ್ತದೆ. ಸೀಳುವುದು ಉದ್ದುದ್ದಕ್ಕೆ, ತುದಿಯಿಂದ ತುದಿಗೆ ಹೋಗುವ ದಿಕ್ಕಿನಲ್ಲಿ. ಎರಡೂ ತುದಿಗಳಲ್ಲಿ ಒಂದೊಂದು ಸೆಂಟಿಮೀಟರ್ ಬಿಟ್ಟು ನಡುವೆ ಮೂರು ಸೆಂಟಿಮೀಟರ್ ಉದ್ದಕ್ಕೆ ಗೀರಬೇಕು. ತುದಿಯ ತನಕ ಗೀರಿದರೆ ಮೊಟ್ಟೆ ಸೌಟಿನ ಏಟಿಗೆ ಹೋಳುಹೋಳಾಗುತ್ತದೆ, ಅಡ್ಡಕ್ಕೆ ಗೀರಿದರೆ ಸೊಂಟದಲ್ಲೇ ಎರಡಾಗುತ್ತದೆ. ಆಳ ಮೂರರಿಂದ ನಾಲ್ಕು ಮಿಲಿಮೀಟರ್, ಅಂದರೆ ಬಿಳಿ ಭಾಗದ ದಪ್ಪದ ಅರ್ಧಕ್ಕಿಂತ ಒಂಚೂರು ಹೆಚ್ಚು. ಚಾಕುವಿನ ತುದಿಯ ಹತ್ತಿರ ಹೆಬ್ಬೆರಳನ್ನು ಆನಿಸಿ ಹಿಡಿದರೆ ಅದಕ್ಕಿಂತ ಆಳ ಹೋಗುವುದಿಲ್ಲ. ಬಿಳಿ ಭಾಗದಲ್ಲಿ ಚಾಕು ಸಲೀಸಾಗಿ ಜಾರುತ್ತದೆ, ಹಳದಿಗೆ ತಾಗಿದ ಗಳಿಗೆಯಲ್ಲಿ ಮರಳಿಗೆ ತಾಗಿದಂತೆ ತಡೆಯುತ್ತದೆ. ಆ ತಡೆ ಬೆರಳಿಗೆ ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ. ಒಂದು ಮೊಟ್ಟೆಗೆ ನಾಲ್ಕು ಸೀಳು ಸಾಕು. ಆರಕ್ಕೆ ಹೋದರೆ ನಡುವೆ ಉಳಿಯುವ ಪಟ್ಟಿಗಳು ತೆಳ್ಳಗಾಗಿ, ಹುರಿಯುವಾಗ ಬಿಟ್ಟುಕೊಳ್ಳುತ್ತವೆ.

ಈಗ ಸೀಳು ಇದೆ, ಆದರೆ ಬಾಯಿ ಮುಚ್ಚಿಕೊಂಡಿದೆ. ಬೆರಳಿನಿಂದ ಬಿಡಿಸಿದರೆ ತೆರೆಯುತ್ತದೆ, ಕೈ ತೆಗೆದರೆ ಮತ್ತೆ ಕೂಡಿಕೊಳ್ಳುತ್ತದೆ. ಅದನ್ನು ತೆರೆದೇ ಇರುವಂತೆ ಮಾಡುವುದು ಹುರಿಯುವ ಹಂತ. ಬಿಸಿ ಎಣ್ಣೆ ತಾಗಿದಾಗ ಮೊಟ್ಟೆಯ ಹೊರಪದರದ ನೀರು ಆವಿಯಾಗಿ ಆ ಪದರ ಕುಗ್ಗುತ್ತದೆ, ಒಳಗಿನ ಭಾಗ ಹಾಗೇ ಇರುತ್ತದೆ. ಹೊರಗಿನದು ಕುಗ್ಗಿದಾಗ ಸೀಳಿನ ಅಂಚುಗಳು ಹಿಂದಕ್ಕೆ ಸರಿದು ತುಟಿ ಬಿಚ್ಚಿದ ಹಾಗೆ ಆಗುತ್ತದೆ. ಜೊತೆಗೆ ನುಣುಪಾಗಿದ್ದ ಮೈ ಸಣ್ಣ ಸಣ್ಣ ಗುಳ್ಳೆ ಎದ್ದು ಒರಟಾಗುತ್ತದೆ, ಒರಟು ಮೈಗೆ ಮಸಾಲೆ ಸೀಳಿಲ್ಲದ ಕಡೆಯೂ ಅಂಟುತ್ತದೆ. ಹುರಿಯದೆ ನೇರ ಗ್ರೇವಿಗೆ ಬಿಟ್ಟವರಿಗೆ ಸೀಳು ಹಾಕಿಯೂ ಲಾಭ ಕಾಣದಿರುವುದು ಇದಕ್ಕೇ.

ಅಗಲವಾದ ಬಾಣಲೆಗೆ ಒಂದು ದೊಡ್ಡ ಚಮಚ ಎಣ್ಣೆ ಹಾಕಿ, ಅದು ಕಾದ ಮೇಲೆ ಉರಿಯನ್ನು ಮಧ್ಯಮಕ್ಕೆ ತನ್ನಿ. ಮೊಟ್ಟೆಗಳಿಗೆ ಕಾಲು ಚಮಚ ಅರಿಶಿನ, ಅರ್ಧ ಚಮಚ ಅಚ್ಚಖಾರದ ಪುಡಿ, ಕಾಲು ಚಮಚ ಉಪ್ಪು ಸವರಿ, ಸೀಳಿನೊಳಕ್ಕೂ ಬೆರಳಿನಿಂದ ಸ್ವಲ್ಪ ತಳ್ಳಿ. ಗ್ರೇವಿಯ ಉಪ್ಪು ಮೊಟ್ಟೆಯೊಳಗೆ ಹೋಗಲು ಗಂಟೆಗಟ್ಟಲೆ ಬೇಕಾದ್ದರಿಂದ ಸೀಳಿಗೆ ನೇರವಾಗಿ ಉಪ್ಪು ತಾಗಿಸುವುದು ಇಡೀ ಕರಿಯಲ್ಲೇ ಅತಿ ಹೆಚ್ಚು ಫಲ ಕೊಡುವ ಕೆಲಸ ಎಂದು ನನಗನ್ನಿಸುತ್ತದೆ. ಮೊಟ್ಟೆಗಳನ್ನು ಬಾಣಲೆಗೆ ಬಿಟ್ಟು ಎರಡರಿಂದ ಮೂರು ನಿಮಿಷ, ಬಾಣಲೆಯನ್ನೇ ಆಡಿಸುತ್ತ ಎಲ್ಲ ಬದಿಯೂ ಎಣ್ಣೆಗೆ ತಾಗುವಂತೆ ಹುರಿಯಿರಿ. ಸೀಳಿನ ಅಂಚುಗಳು ಹೊಂಬಣ್ಣಕ್ಕೆ ತಿರುಗಿ ಒಂದೆರಡು ಮಿಲಿಮೀಟರ್ ತೆರೆದಿದ್ದರೆ ತೆಗೆದುಬಿಡಿ. ಅದಕ್ಕೂ ಮುಂದೆ ಹೋದರೆ ಹೊರಪದರ ಚರ್ಮದಂತೆ ಗಟ್ಟಿಯಾಗುತ್ತದೆ, ಹಲ್ಲಿಗೆ ಸಿಕ್ಕರೆ ರಬ್ಬರಿನಂತೆ ಎಳೆಯುತ್ತದೆ. ಇದನ್ನು ಗ್ರೇವಿಯಲ್ಲಿ ಕುದಿಸಿ ಮೆದು ಮಾಡಲಾಗುವುದಿಲ್ಲ.

ಹುರಿಯುವಾಗ ಸೀಳು ಇನ್ನೊಂದು ಉಪಕಾರ ಮಾಡುತ್ತದೆ. ಸೀಳಿಲ್ಲದ ಇಡೀ ಮೊಟ್ಟೆಯನ್ನು ಕಾದ ಎಣ್ಣೆಗೆ ಬಿಟ್ಟರೆ ಮೈಯ ಕೆಳಗೆ ಆವಿ ಸೇರಿ, ಉಬ್ಬಿ, ಪಟ್ಟನೆ ಒಡೆದು ಎಣ್ಣೆಯನ್ನು ಮುಖಕ್ಕೇ ಹಾರಿಸಬಹುದು. ಸೀಳಿದ್ದರೆ ಆವಿಗೆ ದಾರಿ ಇರುತ್ತದೆ. ಹಾಗೆಂದು ಪೂರ್ತಿ ನಿರ್ಭಯವೇನಲ್ಲ. ಒದ್ದೆ ಮೊಟ್ಟೆ ಸೀಳಿದ್ದರೂ ಸಿಡಿಯುತ್ತದೆ, ಸೀಳಿನೊಳಗೆ ನೀರಿದ್ದರಂತೂ ಇನ್ನೂ ಹೆಚ್ಚು. ಬಟ್ಟೆಯಲ್ಲಿ ಒರೆಸಬೇಕೆಂದದ್ದು ಇದಕ್ಕೂ ಸೇರಿಯೇ.

ಅದೇ ಬಾಣಲೆಗೆ ಇನ್ನೆರಡು ದೊಡ್ಡ ಚಮಚ ಎಣ್ಣೆ ಹಾಕಿ ಮಸಾಲೆ ಶುರು ಮಾಡೋಣ. ಎರಡು ದೊಡ್ಡ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿಕೊಳ್ಳಬೇಕು. ದಪ್ಪ ಹೋಳುಗಳು ಸೀಳಿನೊಳಗೆ ಹೋಗುವುದಿಲ್ಲ, ಅದಕ್ಕಾಗಿ ಈ ಕರಿಗೆ ಈರುಳ್ಳಿ ಸಣ್ಣಗಿದ್ದಷ್ಟೂ ಒಳ್ಳೆಯದು. ಮಧ್ಯಮ ಉರಿಯಲ್ಲಿ ಅದು ಕಂದು ಬಣ್ಣಕ್ಕೆ ಬರಲು ಹನ್ನೆರಡರಿಂದ ಹದಿನೈದು ನಿಮಿಷ ಬೇಕೇಬೇಕು. ಇಲ್ಲಿ ಅವಸರ ಮಾಡಿದರೆ ಗ್ರೇವಿ ಎಂದೂ ಗಟ್ಟಿಯಾಗಿ ಕೂಡಿಕೊಳ್ಳುವುದಿಲ್ಲ, ಈರುಳ್ಳಿ ಒಂದು ಕಡೆ ನೀರು ಒಂದು ಕಡೆ ಆಗುತ್ತದೆ. ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್ ಹಾಕಿ ಹಸಿ ವಾಸನೆ ಹೋಗುವ ತನಕ ಬಾಡಿಸಿ. ಆಮೇಲೆ ಒಂದು ಚಮಚ ಅಚ್ಚಖಾರದ ಪುಡಿ, ಎರಡು ಚಮಚ ಧನಿಯಾ ಪುಡಿ, ಕಾಲು ಚಮಚ ಅರಿಶಿನ, ಸೀದುಹೋಗದ ಹಾಗೆ ಎರಡು ಚಮಚ ನೀರು. ಅರ್ಧ ನಿಮಿಷ ಬಿಟ್ಟು ಮೂರು ಟೊಮೆಟೊ ರುಬ್ಬಿ ಸುರಿದು, ಒಂದು ಚಮಚ ಉಪ್ಪು ಹಾಕಿ.

ಇಲ್ಲಿಂದ ಎಂಟು ಹತ್ತು ನಿಮಿಷ ಬಾಣಲೆಯ ಮೇಲೆ ಕಣ್ಣಿರಲಿ. ಮೊದಲು ಮಸಾಲೆ ನೀರುನೀರಾಗಿ ಕುದಿಯುತ್ತದೆ, ಗುಳ್ಳೆಗಳು ಸಣ್ಣವು, ಸದ್ದು ಮೆತ್ತಗೆ. ನೀರು ಇಂಗುತ್ತ ಬಂದಂತೆ ಗುಳ್ಳೆಗಳು ದಪ್ಪವಾಗಿ ಹಾರತೊಡಗುತ್ತವೆ, ಸದ್ದು ಚುರುಚುರು ಎನ್ನುತ್ತದೆ. ನೀರು ಹೋದ ಮೇಲೆ ಮಸಾಲೆಯ ಶಾಖ ಕುದಿಬಿಂದುವನ್ನು ದಾಟಿ ಮೇಲೇರುತ್ತದೆ, ಅದುವರೆಗೆ ಅದರೊಳಗೆ ಕಲೆತಿದ್ದ ಎಣ್ಣೆ ಬೇರೆಯಾಗಿ ಅಂಚಿನಲ್ಲಿ ಕೆಂಪಗೆ ಕಾಣಿಸಿಕೊಳ್ಳುತ್ತದೆ. ಎಣ್ಣೆ ಬಿಡುವುದು ಎಂದರೆ ಇದೇ. ಸೌಟಿನಿಂದ ನಡುವೆ ಒಂದು ಗೆರೆ ಎಳೆದರೆ ತಳ ಕಂಡು, ಆ ಗೆರೆ ಒಂದೆರಡು ಕ್ಷಣ ಹಾಗೇ ನಿಲ್ಲಬೇಕು, ಮಸಾಲೆ ಒಂದೇ ಮುದ್ದೆಯಾಗಿ ಸರಿಯಬೇಕು.

ಮೊಟ್ಟೆ ಬೀಳಬೇಕಾದದ್ದು ಈ ಗಳಿಗೆಯಲ್ಲಿ, ನೀರು ಹಾಕುವುದಕ್ಕೆ ಮೊದಲು. ಬಹಳ ಜನ ಇಲ್ಲಿ ಕ್ರಮ ತಿರುಗಿಸಿಬಿಡುತ್ತಾರೆ. ಮೊದಲು ನೀರು ಸುರಿದು ಗ್ರೇವಿ ಮಾಡಿ, ಅದು ಕುದಿಯುವಾಗ ಮೊಟ್ಟೆ ಬಿಡುತ್ತಾರೆ. ಆಗ ಸೀಳಿಗೆ ಮೊದಲು ಹೋಗುವುದು ತೆಳ್ಳಗಿನ ನೀರು. ಒಮ್ಮೆ ನೀರು ತುಂಬಿಕೊಂಡ ಸೀಳಿಗೆ ಮತ್ತೆ ಮಸಾಲೆಯ ತಿರುಳು ಹೋಗುವುದು ಕಷ್ಟ. ಅದಕ್ಕೆ ಬದಲಾಗಿ ಗಟ್ಟಿ ಮಸಾಲೆಯಲ್ಲೇ ಮೊಟ್ಟೆಗಳನ್ನು ಬಿಟ್ಟು, ಉರಿ ಸಣ್ಣದು ಮಾಡಿ, ಎರಡು ನಿಮಿಷ ಹೊರಳಿಸಿ. ಸೌಟಿನ ಹಿಂಬದಿಯಿಂದ ಮಸಾಲೆಯನ್ನು ಸೀಳುಗಳಿಗೆ ಮೆಲ್ಲಗೆ ಒತ್ತಿದರೂ ಸರಿ. ಒಂದು ಮೊಟ್ಟೆ ಎತ್ತಿ ನೋಡಿ, ಸೀಳುಗಳು ಬಿಳಿಯಾಗಿ ಕಾಣದೆ ಕೆಂಪು ಗೆರೆಗಳಾಗಿ ತುಂಬಿರಬೇಕು. ಹಾಗಿದ್ದರೆ ಮುಂದೆ ಗ್ರೇವಿ ಎಷ್ಟೇ ತೆಳ್ಳಗಾದರೂ ಚಿಂತೆಯಿಲ್ಲ, ಒಳಗೆ ಕೂತದ್ದು ಸುಲಭವಾಗಿ ತೊಳೆದುಹೋಗುವುದಿಲ್ಲ.

ಈಗ ಒಂದೂವರೆ ಲೋಟ ಬಿಸಿನೀರನ್ನು ಬಾಣಲೆಯ ಅಂಚಿನಿಂದ ಸುರಿಯಿರಿ, ಮೊಟ್ಟೆಯ ಮೇಲೆ ಅಲ್ಲ. ತಣ್ಣೀರಾದರೆ ಕುದಿ ನಿಂತು ಮತ್ತೆ ಏಳಲು ಹೊತ್ತಾಗುತ್ತದೆ, ಅಷ್ಟು ಹೊತ್ತೂ ಮೊಟ್ಟೆ ಸುಮ್ಮನೆ ಬೇಯುತ್ತ ಬಿಗಿಯಾಗುತ್ತದೆ. ಮುಚ್ಚಿ, ಸಣ್ಣ ಉರಿಯಲ್ಲಿ ಐದರಿಂದ ಆರು ನಿಮಿಷ. ಅರ್ಧ ಚಮಚ ಗರಂ ಮಸಾಲೆ, ಕೊತ್ತಂಬರಿ ಸೊಪ್ಪು ಹಾಕಿ ಒಲೆ ಆರಿಸಿ. ಜೋರು ಉರಿಯಲ್ಲಿ ಕುದಿಸಿದರೆ ಮೊಟ್ಟೆಗಳು ಒಂದಕ್ಕೊಂದು ಬಡಿದು ಸೀಳಿನ ಅಂಚು ಕಿತ್ತುಹೋಗುತ್ತದೆ, ಮಸಾಲೆಯೂ ಹೊರಗೆ ಬರುತ್ತದೆ. ತೆಂಗಿನಕಾಯಿ ರುಬ್ಬಿ ಹಾಕುವವರು ನೀರು ಸುರಿಯುವ ಹಂತದಲ್ಲೇ ಹಾಕಬಹುದು, ಗ್ರೇವಿ ಅದರಿಂದ ಗಟ್ಟಿಯಾಗಿ ಮೊಟ್ಟೆಯ ಹೊರಮೈಗೂ ಚೆನ್ನಾಗಿ ಅಂಟುತ್ತದೆ.

ಒಲೆಯಿಂದ ಇಳಿಸಿದ ತಕ್ಷಣ ಬಡಿಸದೆ ಹದಿನೈದು ಇಪ್ಪತ್ತು ನಿಮಿಷ ಮುಚ್ಚಿಡಿ. ಬಿಸಿ ಇಳಿದಂತೆ ಗ್ರೇವಿ ದಪ್ಪಗಾಗುತ್ತದೆ. ಕುದಿಯುವಾಗ ಸರಿಯಾದ ಹದ ಅನ್ನಿಸಿದ ಗ್ರೇವಿ ಬಡಿಸುವ ಹೊತ್ತಿಗೆ ಗಟ್ಟಿಯಾಗಿಬಿಟ್ಟಿರುವುದು ಇದರಿಂದಲೇ, ಆದ್ದರಿಂದ ಒಲೆಯ ಮೇಲಿರುವಾಗ ಬೇಕಾದದ್ದಕ್ಕಿಂತ ಒಂಚೂರು ತೆಳ್ಳಗೇ ಬಿಡಬೇಕು.

ಇಷ್ಟೆಲ್ಲ ಯಾಕೆ, ಮೊಟ್ಟೆಯನ್ನು ಎರಡು ಹೋಳು ಮಾಡಿ ಹಾಕಿದರೆ ಆಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಆಗುತ್ತದೆ, ಅದು ಬೇರೆ ರುಚಿ. ಹೋಳು ಮಾಡಿದರೆ ಹಳದಿ ಭಾಗ ನೇರ ಗ್ರೇವಿಗೆ ತಾಗುತ್ತದೆ. ಹಳದಿಯಲ್ಲಿ ಕೊಬ್ಬಿನ ಅಂಶ ಮೂರರಲ್ಲಿ ಒಂದು ಪಾಲಿಗೆ ಹತ್ತಿರವಿದೆ, ಪುಡಿಪುಡಿಯಾದ ಅದರ ಮೈ ಗ್ರೇವಿಯನ್ನು ಬೇಗ ಹೀರಿಕೊಳ್ಳುತ್ತದೆ, ಎಣ್ಣೆಯಲ್ಲಿ ಕರಗಿದ ಖಾರವನ್ನೂ ಹಿಡಿದುಕೊಳ್ಳುತ್ತದೆ. ಆದರೆ ಕುದಿಯುವಾಗ ಕಳಚಿ ಬೀಳುತ್ತದೆ. ಹೋಳು ಮಾಡಬೇಕೆಂದಿದ್ದರೆ ಕೊನೆಯ ಎರಡು ನಿಮಿಷದಲ್ಲಿ ಹಳದಿ ಮೇಲೆ ಮಾಡಿ ಇಟ್ಟು, ಸೌಟು ಆಡಿಸದೆ ಗ್ರೇವಿಯನ್ನು ಮೇಲೆ ಹನಿಸಬೇಕು. ಕತ್ತರಿಸಿದ ಮಗ್ಗುಲಲ್ಲಿ ಹುರಿಯಲು ಬಾರದ್ದರಿಂದ ಆ ಹೊಂಬಣ್ಣದ ಒರಟು ಮೈ ಸಿಗುವುದಿಲ್ಲ. ನನಗೆ ಇಡೀ ಮೊಟ್ಟೆ ಸೀಳಿದ್ದೇ ಇಷ್ಟ, ಬಿಳಿ ಭಾಗದ ತುತ್ತಿನಲ್ಲಿ ಮಸಾಲೆ, ನಡುವೆ ಏನೂ ಸೇರದ ಹಳದಿಯ ತನ್ನದೇ ರುಚಿ, ಎರಡೂ ಬೇರೆ ಬೇರೆಯಾಗಿ ಸಿಗುತ್ತವೆ.

ಉಳಿದ ಕರಿಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿದರೆ ಮೂರು ದಿನ ಚೆನ್ನಾಗಿರುತ್ತದೆ. ಬಿಸಿ ಮಾಡುವಾಗ ಸಣ್ಣ ಉರಿಯಲ್ಲಿ, ಎರಡು ಚಮಚ ನೀರು ಸೇರಿಸಿ. ಮೈಕ್ರೋವೇವಿಗೆ ಇಡುವುದಾದರೆ ಇಡೀ ಮೊಟ್ಟೆಯನ್ನು ಹಾಗೇ ಇಡಬೇಡಿ. ಸೀಳು ಬಿಳಿ ಭಾಗದಲ್ಲಷ್ಟೇ ಇದೆ, ಹಳದಿಯೊಳಗಿನ ನೀರು ಅತಿಯಾಗಿ ಕಾದು, ಹೊರಗೆ ತೆಗೆದು ಕಚ್ಚಿದ ಮೇಲೆ ಸಿಡಿಯುವ ಅಪಾಯವಿದೆ. ಆಗ ಮಾತ್ರ ಚಾಕು ಹಳದಿಯ ತನಕ ಹೋಗಲಿ, ಎರಡು ಹೋಳು ಮಾಡಿಯೇ ಇಡಿ.